ಬಿಇಟಿ ರೇಖೆಯ ಬಿಂದುಗಳನ್ನು ಎಲ್ಲಿಂದ ಆರಿಸಬೇಕು?

21 ಜನವರಿ 2025, ಮಂಗಳವಾರ

UiO-66 ಎಂಬ ರಂಧ್ರಮಯ ಲೋಹ-ಸಾವಯವ ಚೌಕಟ್ಟಿನ ಮಾದರಿಯೊಂದರ 77 ಕೆಲ್ವಿನ್ ನೈಟ್ರೋಜನ್ ಐಸೋಥರ್ಮ್, ಅಂದರೆ ಒತ್ತಡ ಏರಿದಂತೆ ಅದು ಎಷ್ಟು ಅನಿಲ ಹಿಡಿಯುತ್ತದೆಂದು ತೋರಿಸುವ ರೇಖೆ, ಇವತ್ತು ಕೈಗೆ ಬಂತು. ಶುರುವಿನಲ್ಲೇ ನೆಟ್ಟಗೆ ಏರಿ, ಆಮೇಲೆ ಹೆಚ್ಚುಕಡಿಮೆ ಮಟ್ಟಸವಾಗಿ ಸಾಗುವ ರೇಖೆ, ಅಂದರೆ ಟೈಪ್ I. ಸುಮಾರು 0.8 ಮತ್ತು 1.1 ನ್ಯಾನೊಮೀಟರ್‌ನ ಪಂಜರಗಳಿರುವ ಈ ವಸ್ತುವಿನಿಂದ ಇದನ್ನೇ ನಿರೀಕ್ಷಿಸಬೇಕು. ಅಷ್ಟು ಕಿರಿದಾದ ಜಾಗದಲ್ಲಿ ಎದುರುಬದುರಿನ ಗೋಡೆಗಳೆರಡೂ ಅಣುವನ್ನು ಎಳೆಯುವುದರಿಂದ ತೀರ ಕಡಿಮೆ ಒತ್ತಡದಲ್ಲೇ ರಂಧ್ರ ತುಂಬಿಬಿಡುತ್ತದೆ.

ತೊಂದರೆ ಇರುವುದು ಈ ರೇಖೆಯಿಂದ ಮೇಲ್ಮೈ ವಿಸ್ತೀರ್ಣ ತೆಗೆಯುವ ಬಿಇಟಿ ಲೆಕ್ಕದಲ್ಲಿ. ಸಂತೃಪ್ತ ಒತ್ತಡಕ್ಕೆ ಹೋಲಿಸಿದ ಒತ್ತಡವಾದ P/P0 0.05ರಿಂದ 0.3ರವರೆಗಿನ ರೂಢಿಯ ವ್ಯಾಪ್ತಿ ಹಿಡಿದರೆ ಗ್ರಾಮಿಗೆ 882 ಚದರ ಮೀಟರ್ ಬರುತ್ತದೆ, C ಮಾತ್ರ −52. ಮೇಲ್ಮೈ ಅನಿಲವನ್ನು ಎಷ್ಟು ಬಲವಾಗಿ ಹಿಡಿಯುತ್ತದೆಂದು ಹೇಳುವ ಸಂಖ್ಯೆ ಇದು. ಋಣವಾಗಲು ಸಾಧ್ಯವೇ ಇಲ್ಲ. ಹಾಗೆ ಬಂದರೆ ಆ 882ನ್ನು ಅಲ್ಲೇ ಬಿಡಬೇಕು. ಆ ವ್ಯಾಪ್ತಿ ಹುಟ್ಟಿದ್ದು ರಂಧ್ರಗಳು ಇಷ್ಟು ಕಿರಿದಾಗಿಲ್ಲದ ವಸ್ತುಗಳಿಗಾಗಿ.

ರುಕೆರೋಲ್ ನಿಯಮದಂತೆ ಹಿಡಿದ ಅನಿಲದ ಪ್ರಮಾಣವನ್ನು V ಎಂದಿಟ್ಟು ಪ್ರತಿ ಬಿಂದುವಿಗೂ V(1−P/P0) ಲೆಕ್ಕ ಹಾಕಿ, ಅದು ಏರುತ್ತಿರುವವರೆಗಿನ ಬಿಂದುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಈ ಮಾದರಿಯಲ್ಲಿ P/P0 0.005, 0.01, 0.02, 0.03, 0.05ಕ್ಕೆ V ಕ್ರಮವಾಗಿ 255, 262, 268, 272, 277 ಘನ ಸೆಂ.ಮೀ. (ಗ್ರಾಮಿಗೆ, ಎಸ್‌ಟಿಪಿ). ಗುಣಲಬ್ಧ 253.7ರಿಂದ ಏರುತ್ತಾ 0.03ರಲ್ಲಿ 263.8 ಮುಟ್ಟಿ, 0.05ರಲ್ಲಿ 263.2ಕ್ಕೆ ಇಳಿಯುತ್ತದೆ. ಹಾಗಾಗಿ 0.03ಕ್ಕೇ ನಿಲ್ಲಿಸಬೇಕು. ಮೊದಲ ನಾಲ್ಕು ಬಿಂದುಗಳಿಂದ ಏಕಪದರದ ಪ್ರಮಾಣ 265.9, C ಸುಮಾರು 4000. ಏಕಪದರದಲ್ಲಿ ಒಂದು ಘನ ಸೆಂ.ಮೀ. ನೈಟ್ರೋಜನ್ ಆವರಿಸುವ 4.353 ಚದರ ಮೀಟರ್‌ನಿಂದ ಗುಣಿಸಿದರೆ 1157 ಚದರ ಮೀಟರ್.

ಇನ್ನೊಂದು ಪರೀಕ್ಷೆ ಬಾಕಿ, ಏಕಪದರ ತುಂಬುವ ಒತ್ತಡದ್ದು. 265.9 ಪ್ರಮಾಣ ಐಸೋಥರ್ಮ್‌ನಲ್ಲಿ ಸಿಗುವುದು 0.0165ರ ಆಸುಪಾಸಿನಲ್ಲಿ, ಬಿಇಟಿ ಸಮೀಕರಣದ 1/(√C+1) ಕೊಡುವುದು 0.0155. ಎರಡೂ ಆರಿಸಿದ ವ್ಯಾಪ್ತಿಯೊಳಗಿವೆ, ಅಂತರವೂ ಶೇ. 20ಕ್ಕಿಂತ ಕಡಿಮೆ. ಸಾಕು. ಆದರೂ ರಂಧ್ರ ತುಂಬುವ ಕಡೆ ‘ಏಕಪದರ’ ಎನ್ನುವುದೇ ಅನುಕೂಲದ ಮಾತು. 1157 ಹೋಲಿಕೆಗೆ ಬರುವ ಸಂಖ್ಯೆ, ಗೋಡೆಗಳ ನಿಜವಾದ ವಿಸ್ತೀರ್ಣವಲ್ಲ. ಪ್ರಕಟಿಸುವಾಗ ವ್ಯಾಪ್ತಿಯನ್ನೂ C ಬೆಲೆಯನ್ನೂ ಜೊತೆಗೆ ಬರೆಯದಿದ್ದರೆ ಓದುವವರಿಗೆ ಉಪಯೋಗವಿಲ್ಲ.

ಇದೆಲ್ಲ ಮಾಡಿದ ಮೇಲೂ ಸಂಖ್ಯೆ ಕಡಿಮೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ತಯಾರಿಕೆಯಲ್ಲಿ ಬಳಸಿದ ದ್ರಾವಕ ಡಿಎಂಎಫ್. ಅದರ ಕುದಿಬಿಂದು 153 ಡಿಗ್ರಿ. ಮೆಥನಾಲ್‌ನಲ್ಲಿ ಹಲವು ಸಲ ಬದಲಿಸದೆ ನೇರ ನಿರ್ವಾತಕ್ಕೆ ಹಾಕಿದರೆ ಪಂಜರದೊಳಗೇ ಉಳಿಯುತ್ತದೆ. ಉಳಿದ ದ್ರಾವಕ ಜಾಗ ತಿನ್ನುವುದಲ್ಲದೆ ತೂಕವನ್ನೂ ಹೆಚ್ಚಿಸುತ್ತದೆ. ತೂಕ ತೆಗೆದುಕೊಳ್ಳಬೇಕಾದದ್ದು ಡಿಗ್ಯಾಸ್ ಆದ ಮೇಲೆಯೇ.

ರೇಖೆಯ ಬಲತುದಿ 0.9ರ ನಂತರ ಮತ್ತೆ ಮೇಲೇಳುವುದು ಪಂಜರಗಳಿಂದಲ್ಲ, ಸಣ್ಣ ಹರಳುಗಳ ನಡುವಿನ ಸಂದುಗಳಿಂದ. ಒತ್ತಡ ಇಳಿಸುವಾಗಿನ ಬಿಡುಗಡೆಯ ರೇಖೆ 0.42–0.45ರ ಹತ್ತಿರ ಧಡಕ್ಕನೆ ಬಿದ್ದರೆ ರಂಧ್ರಗಳ ಅಳತೆ ಲೆಕ್ಕಹಾಕುವ ಬಿಜೆಎಚ್ ವಿಧಾನ 3.8 ನ್ಯಾನೊಮೀಟರ್‌ನಲ್ಲಿ ಚೂಪಾದ ಶಿಖರ ತೋರಿಸುತ್ತದೆ. ಆ ಒತ್ತಡದಲ್ಲಿ ದ್ರವ ನೈಟ್ರೋಜನ್ ತಾನಾಗಿಯೇ ಗುಳ್ಳೆಯೆದ್ದು ಹೊರಬರುತ್ತದೆ, ಅಂಥ ಅಳತೆಯ ರಂಧ್ರ ಅಲ್ಲಿ ಇರಬೇಕೆಂದಿಲ್ಲ. ಒತ್ತಡ ಏರಿಸುವಾಗಿನ ಅಧಿಶೋಷಣೆಯ ರೇಖೆಯಿಂದ ಲೆಕ್ಕ ಹಾಕಿದಾಗ ಶಿಖರ ಮಾಯವಾದರೆ ಅದು ಸುಳ್ಳು.