“ದೀಪಾವಳಿ ರಾತ್ರಿವರೆಗೆ” ಅಂದರೆ ಯಾವ ರಾತ್ರಿವರೆಗೆ?

ತುಮಕೂರಿನ ಎಂ.ಜಿ. ರಸ್ತೆಯ ಒಂದು ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಫೋಟೋ, ರೀಲ್ಸ್, ಮೆಸೇಜ್‌ಗೆ ಉತ್ತರ, ಎಲ್ಲ ನಾನೇ. 2024ರ ದೀಪಾವಳಿಗೆ ಮೊದಲ ಸಲ ಗಿವ್‌ಅವೇ ಮಾಡಿದೆವು. ನಾನು ಬರೆದ ನಿಯಮ ಇಷ್ಟೇ ಇತ್ತು: “ಪೇಜ್ ಫಾಲೋ ಮಾಡಿ, ಪೋಸ್ಟ್ ಲೈಕ್ ಮಾಡಿ, ಮೂವರು ಗೆಳತಿಯರನ್ನು ಟ್ಯಾಗ್ ಮಾಡಿ. ತುಮಕೂರಿನವರಿಗೆ ಮಾತ್ರ. ದೀಪಾವಳಿ ರಾತ್ರಿ 12ರವರೆಗೆ. ಒಬ್ಬ ಅದೃಷ್ಟಶಾಲಿಗೆ ರೇಷ್ಮೆ ಸೀರೆ!” ಓದಲು ಚೆನ್ನಾಗಿದೆ ಅಲ್ವಾ? ಆದರೆ ಇದರ ಒಂದೊಂದು ಮಾತಿಗೂ ಒಂದೊಂದು ಜಗಳ ಬಂತು.

ಮೊದಲು ಬಂದದ್ದು ದಿನದ ಜಗಳ. ಆ ವರ್ಷ ಅಕ್ಟೋಬರ್ 31ರ ಗುರುವಾರ ನರಕ ಚತುರ್ದಶಿ, ನವೆಂಬರ್ 2ರ ಶನಿವಾರ ಬಲಿಪಾಡ್ಯಮಿ. ನನ್ನ ತಲೆಯಲ್ಲಿದ್ದದ್ದು ಬಲಿಪಾಡ್ಯಮಿಯ ರಾತ್ರಿ. ಎಣ್ಣೆ ಸ್ನಾನದ ದಿನವೇ ಹಬ್ಬ ಅನ್ನುವವರು ಗುರುವಾರಕ್ಕೆ ಮುಗಿಯಿತು ಅಂದುಕೊಂಡರು. ಅಮಾವಾಸ್ಯೆಯ ಲಕ್ಷ್ಮಿ ಪೂಜೆಯನ್ನೇ ದೀಪಾವಳಿ ಅನ್ನುವ ಅಂಗಡಿಯವರು ಶುಕ್ರವಾರ ಅಂದುಕೊಂಡರು. ಯಾರೂ ತಪ್ಪಾಗಿ ಓದಿರಲಿಲ್ಲ. ನಾನೇ ತಾರೀಖು ಬರೆದಿರಲಿಲ್ಲ.

ಅದರ ಮೇಲೆ “ರಾತ್ರಿ 12”. ಶನಿವಾರ ರಾತ್ರಿ ನಾನು ಮಲಗಿಬಿಟ್ಟೆ. ಭಾನುವಾರ ಬೆಳಗ್ಗೆ ನೋಡಿದರೆ ಹೊಸ ಕಮೆಂಟ್‌ಗಳು ಬಂದಿದ್ದವು. ಆ್ಯಪ್‌ನಲ್ಲಿ ಕಮೆಂಟ್ ಪಕ್ಕ ಗಂಟೆ ನಿಮಿಷ ಕಾಣುವುದಿಲ್ಲ. “8h” ಅಂತ ಅಂದಾಜು ತೋರಿಸುತ್ತದೆ, ಅಷ್ಟೇ. ಹನ್ನೆರಡಕ್ಕೆ ಹತ್ತು ನಿಮಿಷ ಮುಂಚೆ ಬಂದದ್ದು ಯಾವುದು, ಹತ್ತು ನಿಮಿಷ ಆದ ಮೇಲೆ ಬಂದದ್ದು ಯಾವುದು ಅಂತ ನನಗೆ ಹೇಳಲು ಆಗಲಿಲ್ಲ.

ಕೊನೆಗೆ ಆಯ್ಕೆ. ಮಾಲೀಕರು ಕಣ್ಣು ಮುಚ್ಚಿ ನನ್ನ ಫೋನ್ ಪರದೆ ಮೇಲೆ ಬೆರಳಿಟ್ಟರು. ಬೆರಳು ಬಿದ್ದ ಹೆಸರು ನಮ್ಮ ಅಂಗಡಿಯ ಸೇಲ್ಸ್ ಹುಡುಗಿಯ ಚಿಕ್ಕಮ್ಮನ ಮಗಳದ್ದು! ಯಾರೂ ಮೋಸ ಮಾಡಿರಲಿಲ್ಲ. ಆದರೆ ಅದನ್ನು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. “ಸುಮ್ನೆ ಯಾಕೆ ನಮ್ಮ ಹತ್ರ ಕಮೆಂಟ್ ಹಾಕಿಸಿದ್ರಿ ಮೇಡಂ?” ಅಂತ ಹಳೇ ಗ್ರಾಹಕರೊಬ್ಬರು ಅಂಗಡಿಗೇ ಬಂದು ಕೇಳಿದರು. ಆ ಮಾತು ಇನ್ನೂ ನೆನಪಿದೆ.

2025ರಲ್ಲಿ ಕುಳಿತು ಹೊಸದಾಗಿ ಬರೆದೆ. ಪ್ರತಿ ಷರತ್ತು ಬರೆಯುವಾಗಲೂ “ಇದನ್ನು ನಾನು ಹೇಗೆ ಚೆಕ್ ಮಾಡುತ್ತೇನೆ?” ಅಂತ ಕೇಳಿಕೊಂಡೆ. ಉತ್ತರ ಇಲ್ಲದ ಷರತ್ತನ್ನು ತೆಗೆದೆ. ಲೈಕ್ ಹೋಯಿತು. ಒತ್ತಿ ಆಮೇಲೆ ತೆಗೆದವರನ್ನು ಹಿಡಿಯಲು ಆಗುವುದಿಲ್ಲ. ಸ್ಟೋರಿಗೆ ಹಾಕಿ ಅನ್ನುವುದೂ ಬೇಡ ಅಂದೆ. ಅದು 24 ಗಂಟೆಗೆ ಮಾಯ. ಪ್ರೈವೇಟ್ ಅಕೌಂಟ್ ಇದ್ದರೆ ನಮಗೆ ಕಾಣುವುದೂ ಕಷ್ಟ. ಟ್ಯಾಗ್ ಕೂಡ ಬಿಟ್ಟೆವು. ಗೆಳೆಯರನ್ನು ಟ್ಯಾಗ್ ಮಾಡಿಸಿ, ಸ್ವಂತ ಟೈಮ್‌ಲೈನ್‌ಗೆ ಶೇರ್ ಮಾಡಿಸಿ ಸ್ಪರ್ಧೆ ನಡೆಸುವುದಕ್ಕೆ ಫೇಸ್‌ಬುಕ್‌ನ ನಿಯಮದಲ್ಲೇ ಅವಕಾಶ ಇಲ್ಲ, ನಾವು ಎರಡೂ ಕಡೆ ಒಂದೇ ಪೋಸ್ಟ್ ಹಾಕುತ್ತೇವೆ. ಉಳಿದದ್ದು ಇನ್‌ಸ್ಟಾಗ್ರಾಂನಲ್ಲಿ ಒಂದು ಕಮೆಂಟ್ ಮತ್ತು ಫಾಲೋ ಮಾತ್ರ. ಫಾಲೋ ಕೂಡ ಎಲ್ಲರದ್ದೂ ನೋಡುವುದಿಲ್ಲ, ಚೀಟಿಯಲ್ಲಿ ಹೆಸರು ಬಂದವರದ್ದು ಮಾತ್ರ.

“ತುಮಕೂರಿನವರಿಗೆ ಮಾತ್ರ” ಅನ್ನುವುದಕ್ಕೆ ಜಾಸ್ತಿ ಯೋಚಿಸಬೇಕಾಯಿತು. ತುಮಕೂರು ಅಂದರೆ ಊರೋ ಜಿಲ್ಲೆಯೋ? ಹಿಂದಿನ ವರ್ಷ ಗುಬ್ಬಿ, ಶಿರಾ, ಕುಣಿಗಲ್‌ನವರು ಕೇಳಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ಊರಿಗೆ ಬರುವವರೂ ಕೇಳಿದ್ದರು. ಯಾರು ಎಲ್ಲಿಯವರು ಅಂತ ಇನ್‌ಸ್ಟಾಗ್ರಾಂ ನೋಡಿ ಹೇಳಲು ಆಗುತ್ತದೆಯೇ? ನಮಗೆ ನಿಜವಾಗಿ ಬೇಕಿದ್ದದ್ದು ಅಂಗಡಿಗೆ ಬಂದು ಸೀರೆ ತೆಗೆದುಕೊಳ್ಳುವವರು. ಹಾಗಾಗಿ ಅದನ್ನೇ ಬರೆದೆ: ಯಾವ ಊರಿನವರಾದರೂ ಸರಿ, ಖುದ್ದಾಗಿ ಬರಬೇಕು.

ಮಾಲೀಕರಿಗೆ ಎರಡು ಆಸೆ ಇತ್ತು. ಒಂದು, 15,000 ರೂಪಾಯಿಯ ಸೀರೆ ಕೊಡಬೇಕು. ಬಹುಮಾನ 10,000 ರೂಪಾಯಿ ದಾಟಿದರೆ ಶೇಕಡಾ 30 ತೆರಿಗೆಯ ಲೆಕ್ಕ ಮುಗಿಸಿಯೇ ವಸ್ತು ಕೈಗೆ ಕೊಡಬೇಕು ಅಂತ ನಮ್ಮ ಆಡಿಟರ್ ಹೇಳಿದರು. 8,000ದ ಸೀರೆಗೆ ಇಳಿದೆವು. ಇನ್ನೊಂದು, ಬಿಲ್ ಮಾಡಿಸಿದವರಿಗೆ ಮಾತ್ರ ಚೀಟಿ. “ಬೇಡ ಅಣ್ಣ, ದುಡ್ಡು ಕೊಟ್ಟು ಸೇರಿ ಅದೃಷ್ಟದಲ್ಲಿ ಗೆದ್ದರೆ ಅದು ಲಾಟರಿ ಥರ ಆಗುತ್ತೆ” ಅಂದೆ. ನಮ್ಮ ರಾಜ್ಯದಲ್ಲಿ 2007ರಿಂದಲೇ ಲಾಟರಿ ಬಂದ್ ಅಲ್ವಾ. ವಕೀಲರೂ ಅದನ್ನೇ ಹೇಳಿದ ಮೇಲೆ ಅವರು ಒಪ್ಪಿದರು.

ಕೊನೆಗೆ ಹಾಕಿದ ನಿಯಮ ಪೂರ್ತಿ ಕೊಡುತ್ತೇನೆ. ಬೇಕಾದವರು ತೆಗೆದುಕೊಳ್ಳಿ.

“18 ವರ್ಷ ತುಂಬಿದ ಯಾರಾದರೂ ಸೇರಬಹುದು. ಏನನ್ನೂ ಕೊಳ್ಳಬೇಕಿಲ್ಲ. ನಮ್ಮ ಅಂಗಡಿಯ ಮಾಲೀಕರು, ಕೆಲಸದವರು ಮತ್ತು ಅವರ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು, ಅವರ ಜೊತೆ ಒಂದೇ ಮನೆಯಲ್ಲಿ ಇರುವವರು ಸೇರುವಂತಿಲ್ಲ. ನಮ್ಮ ಪೇಜ್ ಫಾಲೋ ಮಾಡಿ, ಇನ್‌ಸ್ಟಾಗ್ರಾಂನ ಈ ಪೋಸ್ಟ್‌ಗೆ ನಿಮ್ಮ ಮನೆಯ ಹಬ್ಬದ ತಿಂಡಿಯ ಹೆಸರು ಬರೆಯಿರಿ. ಒಬ್ಬರಿಗೆ ಒಂದೇ ಚೀಟಿ. ಎಷ್ಟು ಕಮೆಂಟ್ ಹಾಕಿದರೂ, ಎಷ್ಟು ಅಕೌಂಟ್ ಇದ್ದರೂ ಒಂದೇ. ಕೊನೆಯ ಸಮಯ 2025ರ ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ, ರಾತ್ರಿ 9 ಗಂಟೆ. ಆಗ ಕಮೆಂಟ್ ಬಂದ್ ಮಾಡುತ್ತೇವೆ. 23ರ ಸಂಜೆ 6ಕ್ಕೆ ಹೆಸರುಗಳ ಪಟ್ಟಿ ಹಾಕುತ್ತೇವೆ. ಹೆಸರು ಬಿಟ್ಟುಹೋಗಿದ್ದರೆ 24ರ ಸಂಜೆ 5ರೊಳಗೆ ತಿಳಿಸಿ. ಅದೇ ದಿನ 6ಕ್ಕೆ ಅಂಗಡಿಯಿಂದ ಲೈವ್‌ನಲ್ಲಿ ಮೂರು ಚೀಟಿ ಎತ್ತುತ್ತೇವೆ. ಮೊದಲನೆಯವರು ಗೆದ್ದವರು. ಅವರು ಈ ನಿಯಮಕ್ಕೆ ಹೊಂದದಿದ್ದರೆ ಅಥವಾ 27ರ ಸೋಮವಾರ ಸಂಜೆ 6ರೊಳಗೆ ಗುರುತಿನ ಚೀಟಿ ಜೊತೆ ಅಂಗಡಿಗೆ ಬರದಿದ್ದರೆ ಎರಡನೆಯವರಿಗೆ, ಆಮೇಲೆ ಮೂರನೆಯವರಿಗೆ, ತಲಾ ಎರಡು ದಿನ ಅವಕಾಶ. ಸೀರೆ ಬದಲು ಹಣ ಇಲ್ಲ. ಫಲಿತಾಂಶ ಇದೇ ಪೇಜ್‌ನಲ್ಲಿ. ನಾವು ಯಾರಿಂದಲೂ ಹಣ, ಒಟಿಪಿ ಕೇಳುವುದಿಲ್ಲ. ಈ ಸ್ಪರ್ಧೆಗೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲ. ಸೇರಿದವರು ಇನ್‌ಸ್ಟಾಗ್ರಾಂ ಅನ್ನು ಇದರ ಎಲ್ಲ ಹೊಣೆಯಿಂದ ಬಿಡುಗಡೆ ಮಾಡಿದಂತೆ.”

ಕೊನೆಯ ಎರಡು ಮಾತು ಇನ್‌ಸ್ಟಾಗ್ರಾಂ ಕೇಳುವಂಥವು. ಒಟಿಪಿ ಮಾತು ನಮ್ಮ ಹೆದರಿಕೆಗೆ: ಗಿವ್‌ಅವೇ ಶುರುವಾದರೆ ಸಾಕು, ನಮ್ಮದೇ ಲೋಗೋ ಹಾಕಿಕೊಂಡ ನಕಲಿ ಅಕೌಂಟ್‌ಗಳು “ನೀವು ಗೆದ್ದಿದ್ದೀರಿ, ಕೊರಿಯರ್‌ಗೆ ಹಣ ಕಳಿಸಿ” ಅಂತ ಶುರು ಮಾಡುತ್ತವೆ. ಫಲಿತಾಂಶ ಹಾಕುವುದು ಬರೀ ಮರ್ಯಾದೆಯ ವಿಷಯ ಅಲ್ಲ. ಬಹುಮಾನದ ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ವ್ಯಾಪಾರ ಪದ್ಧತಿ ಅನ್ನುತ್ತದೆ.

ರಾತ್ರಿ 9 ಯಾಕೆ ಅಂದರೆ, ಆ ಹೊತ್ತಿಗೆ ನಾನು ಎಚ್ಚರ ಇರುತ್ತೇನೆ. ಒಂಬತ್ತಕ್ಕೆ ಸರಿಯಾಗಿ ಕಮೆಂಟ್‌ಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಸ್ಕ್ರೀನ್ ರೆಕಾರ್ಡ್ ಮಾಡಿಟ್ಟು, ಕೂಡಲೇ “Turn off commenting” ಒತ್ತಿದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಯಾವಾಗ ಬಂದರು ಅನ್ನುವ ಪ್ರಶ್ನೆಯೇ ಇಲ್ಲ. 312 ಕಮೆಂಟ್ ಇದ್ದವು. ಒಬ್ಬರೇ ಹಾಕಿದ್ದನ್ನೆಲ್ಲ ಒಂದು ಮಾಡಿದಾಗ 268 ಹೆಸರು ಉಳಿಯಿತು. ಒಂದರಿಂದ 268ರವರೆಗೆ ನಂಬರ್ ಹಾಕಿ ಪಟ್ಟಿ ಹಾಕಿದೆ. ಇಬ್ಬರು ತಮ್ಮ ಹೆಸರು ಬಿಟ್ಟುಹೋಗಿದೆ ಅಂದರು. ರೆಕಾರ್ಡ್ ನೋಡಿದೆ. ಒಬ್ಬರದ್ದು ನಿಜ, ನಾನು ಕಣ್ತಪ್ಪಿಸಿದ್ದೆ. ಅವರು 269 ಆದರು. ಇನ್ನೊಬ್ಬರು ಫೇಸ್‌ಬುಕ್‌ನಲ್ಲಿ ಬರೆದಿದ್ದರು. ಯಾವ ಪೋಸ್ಟ್ ಅಂತ ನಿಯಮದಲ್ಲಿ ಇದ್ದದ್ದರಿಂದ ಅವರಿಗೆ ತೋರಿಸಿ ಹೇಳಲು ಆಯಿತು.

ನಂಬರ್ ಆರಿಸಿಕೊಡುವ ಆ್ಯಪ್ ಇವೆ. ಆದರೂ ಚೀಟಿಯನ್ನೇ ಎತ್ತಿದೆವು. ಚೀಟಿ ವ್ಯವಹಾರ ನೋಡಿ ಬೆಳೆದ ಜನಕ್ಕೆ ಅದು ಕಣ್ಣಿಗೆ ಕಾಣುವ ನ್ಯಾಯ. 269 ಚೀಟಿ, ಒಂದೇ ಅಳತೆ, ಒಂದೇ ಮಡಿಕೆ. ಸೀರೆ ನೋಡಲು ಬಂದಿದ್ದ ಅಕ್ಕನ ಮಗು ಸ್ಟೀಲ್ ಬಿಂದಿಗೆಗೆ ಕೈ ಹಾಕಿತು.

ಮೊದಲ ಹೆಸರಿನವರು ಸೋಮವಾರ ಸಂಜೆವರೆಗೂ ಬರಲಿಲ್ಲ. ಏಳು ಗಂಟೆಗೆ ಫೋನ್ ಮಾಡಿ, ನಾಳೆ ಬರುತ್ತೇನೆ ಅಂದರು. ನನಗೂ ಬೇಜಾರಾಯಿತು, ಆದರೆ ಗಂಟೆ ಬರೆದಿತ್ತು. ಅವರೇ ಪೋಸ್ಟ್ ತೆಗೆದು ಓದಿ, “ಸರಿ ಬಿಡಿ, ಹಾಗೇ ಇದೆ” ಅಂದರು. ಬುಧವಾರ ಮಧ್ಯಾಹ್ನ ಗುಬ್ಬಿಯಿಂದ ಬಸ್ಸಿನಲ್ಲಿ ಬಂದ ಎರಡನೆಯವರು ಸೀರೆ ತೆಗೆದುಕೊಂಡು ಹೋದರು.