ಕಾಕಾನ ಪುಸ್ತಕ, ಕಾಲೇಜಿನ ಪುಸ್ತಕ

19 ಜನವರಿ 2025, ಭಾನುವಾರ
ಗದಗ

ಸಂಕ್ರಾಂತಿಯ ಸಜ್ಜಿ ರೊಟ್ಟಿ ಇನ್ನೂ ಡಬ್ಬಿಯಲ್ಲಿದ್ದವು. ಬೆಳಿಗ್ಗೆ ಅವನ್ನೇ ಶೇಂಗಾ ಚಟ್ನಿ, ಮೊಸರಿನ ಜೊತೆ ತಿಂದು ತಮ್ಮ ಓದಲು ಕೂತ. ಅವನು ಈಗ ಸೆಕೆಂಡ್ ಪಿಯುಸಿ ಸೈನ್ಸ್. ಹತ್ತು ಗಂಟೆ ಹೊತ್ತಿಗೆ ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಅಕ್ಕಾ, ಲೆಕ್ಕ ಒಂದ, ಉತ್ತರ ಎರಡು ಬರಾಕತ್ತಾವು. ಯಾವುದು ಖರೆ?"

ಲೆಕ್ಕ ಸುಲಭದ್ದು. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ. ವಸ್ತು 30 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ? ಒಂದು ಕಡೆ ಅವನಿಗೆ 60 ಬಂದಿತ್ತು, ಇನ್ನೊಂದು ಕಡೆ 12.

ಅವನ ಮೇಜಿನ ಮೇಲೆ ಎರಡು ಪುಸ್ತಕ ಇದ್ದವು. ಒಂದು ಕಾಲೇಜಿನ ಎನ್‌ಸಿಇಆರ್‌ಟಿ ಪುಸ್ತಕ. ಇನ್ನೊಂದು ಹುಬ್ಬಳ್ಳಿ ಕಾಕಾ ತಾನು ಓದುವಾಗ ಇಟ್ಟುಕೊಂಡಿದ್ದ ಹಳೆಯ ಪುಸ್ತಕ. ಅದರಲ್ಲಿ ಬಿಡಿಸಿದ ಲೆಕ್ಕಗಳು ಜಾಸ್ತಿ, ವಿವರಣೆಯೂ ನಿಧಾನವಾಗಿ ಬರುತ್ತದೆ. ತಮ್ಮನಿಗೆ ಅದೇ ಇಷ್ಟ. ಆದರೆ ಲೆನ್ಸಿನ ಸೂತ್ರ ಎರಡರಲ್ಲೂ ಬೇರೆ ಬೇರೆ.

```
ಕಾಲೇಜಿನ ಪುಸ್ತಕ:  1/v − 1/u = 1/f
ಕಾಕಾನ ಪುಸ್ತಕ:    1/v + 1/u = 1/f
```

ಎರಡೂ ತಪ್ಪಲ್ಲ. ಚಿಹ್ನೆ ಕೊಡುವ ರೀತಿ ಬೇರೆ, ಅಷ್ಟೇ. ಕಾಲೇಜಿನ ಪುಸ್ತಕ ಕಾರ್ಟೀಸಿಯನ್ ಪದ್ಧತಿ ಹಿಡಿಯುತ್ತದೆ. ಬೆಳಕು ಹೋಗುವ ದಿಕ್ಕಿನಲ್ಲಿ ಅಳೆದರೆ ಪ್ಲಸ್, ಎದುರು ದಿಕ್ಕಿನಲ್ಲಿ ಅಳೆದರೆ ಮೈನಸ್. ವಸ್ತು ಲೆನ್ಸಿನ ಎಡಕ್ಕಿದ್ದು ಬೆಳಕು ಬಲಕ್ಕೆ ಹೋಗುವುದರಿಂದ `u = −30`. ಕಾಕಾನ ಪುಸ್ತಕದ ನಿಯಮ ಹಾಗಲ್ಲ. ಸತ್ಯ ವಸ್ತು, ಸತ್ಯ ಪ್ರತಿಬಿಂಬದ ದೂರಕ್ಕೆ ಪ್ಲಸ್, ಮಿಥ್ಯ ಪ್ರತಿಬಿಂಬಕ್ಕೆ ಮೈನಸ್. ಅಲ್ಲಿ `u = 30`. ಯಾವುದೇ ಒಂದನ್ನು ಪೂರ್ತಿ ಹಿಡಿದರೂ `1/v = 1/20 − 1/30` ಆಗುತ್ತದೆ, `v = 60` ಬರುತ್ತದೆ.

ಹಾಗಾದರೆ 12 ಎಲ್ಲಿಂದ ಬಂತು? ತಮ್ಮ ಸೂತ್ರವನ್ನು ಕಾಕಾನ ಪುಸ್ತಕದಿಂದ ತೆಗೆದುಕೊಂಡಿದ್ದ, ಚಿಹ್ನೆಯನ್ನು ಕಾಲೇಜಿನ ಪುಸ್ತಕದಿಂದ. `1/v = 1/20 + 1/30` ಆಗಿ 12 ಬಂದಿತ್ತು.

ಇದು ತಪ್ಪು ಅಂತ ಸೂತ್ರ ನೋಡದೆಯೇ ಹೇಳಬಹುದಿತ್ತು. ತುಂಬಾ ದೂರದ ವಸ್ತುವಿನ ಕಿರಣಗಳು ಪೀನ ಮಸೂರದಿಂದ 20 ಸೆಂ.ಮೀ.ಗೆ ಸೇರುತ್ತವೆ. ವಸ್ತು ಹತ್ತಿರ ಬಂದ ಹಾಗೆ ಅವು ಸೇರುವ ಜಾಗ ಲೆನ್ಸಿನಿಂದ ಇನ್ನೂ ದೂರ ಸರಿಯುತ್ತದೆ. ಹಾಗಾಗಿ ಸತ್ಯ ವಸ್ತುವಿನ ಸತ್ಯ ಪ್ರತಿಬಿಂಬ 20ಕ್ಕಿಂತ ಹತ್ತಿರ ಬೀಳಲು ಸಾಧ್ಯವೇ ಇಲ್ಲ. ಮೊದಲು ಚಿತ್ರ ಬರಿ, ಆಮೇಲೆ ಸೂತ್ರ ಹಾಕು ಅಂದೆ.

ಅಷ್ಟಕ್ಕೆ ಅವನ ಅನುಮಾನ ಮುಗಿಯಲಿಲ್ಲ. "ಮತ್ತ ಮಿರರ್‌ದಾಗ ಸೂತ್ರ ಎರಡೂ ಕಡೆ ಒಂದ ಐತಿ. ಆದ್ರ ಉತ್ತರಕ್ಕ ಅಲ್ಲಿ ಮೈನಸ್, ಇಲ್ಲಿ ಪ್ಲಸ್."

ಈ ಪ್ರಶ್ನೆಗೆ ನಾನೂ ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕೂತೆ. ನಿಮ್ನ ದರ್ಪಣ, ಸಂಗಮ ದೂರ 15, ವಸ್ತು 20ರಲ್ಲಿ. ಕಾಲೇಜಿನ ಪದ್ಧತಿಯಲ್ಲಿ `f = −15`, `u = −20`, ಉತ್ತರ `v = −60`. ಕಾಕಾನ ಪದ್ಧತಿಯಲ್ಲಿ ಮೂರೂ ಪ್ಲಸ್, ಉತ್ತರ 60. ಕನ್ನಡಿಯಲ್ಲಿ ಬೆಳಕು ತಿರುಗಿ ಬರುತ್ತದೆ. ವಸ್ತು, ಸತ್ಯ ಪ್ರತಿಬಿಂಬ, ಫೋಕಸ್ ಮೂರೂ ಒಂದೇ ಬದಿಯಲ್ಲಿರುವುದರಿಂದ ಮೂರರ ಚಿಹ್ನೆಯೂ ಒಟ್ಟಿಗೆ ತಿರುಗುತ್ತದೆ, ಸೂತ್ರ ಮಾತ್ರ ಬದಲಾಗುವುದಿಲ್ಲ. ಲೆನ್ಸಿನಲ್ಲಿ ಬೆಳಕು ದಾಟಿ ಹೋಗುತ್ತದೆ. ಅಲ್ಲಿ `u` ಒಂದರ ಚಿಹ್ನೆ ಮಾತ್ರ ತಿರುಗುತ್ತದೆ, ಅದಕ್ಕೇ ಸೂತ್ರದ ರೂಪವೇ ಬೇರೆ ಆಗುತ್ತದೆ. ಇಷ್ಟು ವರ್ಷ ನಾನೂ ಇದನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಊಟದ ನಂತರ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿಚ್ಚಿದೆವು. ಲೆನ್ಸಿನ ಪ್ರಶ್ನೆಗಳನ್ನೆಲ್ಲ ಗುರುತು ಮಾಡಿದೆವು. ಮಾದರಿ ಉತ್ತರಗಳಲ್ಲಿ ಎಲ್ಲ ಕಡೆಯೂ ಕಾರ್ಟೀಸಿಯನ್ನೇ. ಐದು ಅಂಕದ ಲೆನ್ಸ್ ಮೇಕರ್ ಸೂತ್ರದ ಡೆರಿವೇಶನ್‌ನಲ್ಲಿ ಕೊನೆಗೆ ಬರಬೇಕಾದ ಸಾಲು ಇದು:

```
1/f = (n − 1)(1/R1 − 1/R2)
```

ಕಾಕಾನ ಪುಸ್ತಕದಲ್ಲಿ ಆವರಣದ ಒಳಗೆ ಪ್ಲಸ್ ಇದೆ. ಇಲ್ಲಿ ಕಲಬೆರಕೆ ಮಾಡಿದರೆ ಏನಾಗುತ್ತದೆ ಅಂತ ತಮ್ಮನ ಕೈಯಿಂದಲೇ ಮಾಡಿಸಿದೆ. ಎರಡೂ ಬದಿ ಉಬ್ಬಿದ ಲೆನ್ಸ್, ಎರಡೂ ವಕ್ರತಾ ತ್ರಿಜ್ಯ 20, `n = 1.5`. ಕಾಲೇಜಿನ ಸೂತ್ರದಲ್ಲಿ `R2 = −20` ಅಂತ ಹಾಕಬೇಕು, ಆಗ `f = 20`. ಹಳೆಯ ಅಭ್ಯಾಸದಲ್ಲಿ ಎರಡಕ್ಕೂ ಪ್ಲಸ್ ಕೊಟ್ಟರೆ `1/f` ಸೊನ್ನೆ ಆಗುತ್ತದೆ. ಅಂದರೆ ಉಬ್ಬಿದ ಲೆನ್ಸು ಕಿಟಕಿಯ ಗಾಜಿನ ಹಾಗೆ ಬೆಳಕನ್ನು ಸೇರಿಸದೆ ಸುಮ್ನೆ ಬಿಟ್ಟಂತೆ. ಅವನು ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದ.

ಆಮೇಲೆ ಅವನೇ ಒಂದು ಒಳ್ಳೆಯ ವಿಷಯ ಹುಡುಕಿದ. ಗೋಳಾಕಾರದ ಒಂದು ಮೇಲ್ಮೈಯಲ್ಲಿ ವಕ್ರೀಭವನದ ಡೆರಿವೇಶನ್ ಎರಡೂ ಪುಸ್ತಕದಲ್ಲಿ ಸಾಲು ಸಾಲಾಗಿ ಹೋಲಿಸುತ್ತಿದ್ದ. ಕಾಲೇಜಿನ ಪುಸ್ತಕದಲ್ಲಿ ಚಿಹ್ನೆ ಹಾಕುವುದಕ್ಕೆ ಮೊದಲು, ಬರೀ ಉದ್ದಗಳಲ್ಲಿ, ಹೀಗೆ ಬರುತ್ತದೆ:

```
n1/OM + n2/MI = (n2 − n1)/MC
```

"ಅಕ್ಕಾ, ಇದು ಕಾಕಾನ ಸೂತ್ರನ ಅಲ್ಲೇನು?" ಅಂದ. ಹೌದು, ಅದೇ. ಇಲ್ಲಿಯ ತನಕ ಎರಡೂ ಪುಸ್ತಕ ಒಟ್ಟಿಗೇ ಬರುತ್ತವೆ. ಮುಂದಿನ ಸಾಲಿನಲ್ಲಿ `OM = −u`, `MI = v`, `MC = R` ಅಂತ ಹಾಕಿದಾಗ `n2/v − n1/u` ಆಗುತ್ತದೆ. ಈ ಒಂದು ಸಾಲಿನಲ್ಲೇ ದಾರಿ ಬೇರೆಯಾಗುತ್ತದೆ. ಪರೀಕ್ಷೆಯಲ್ಲಿ ಅವನು ಬಿಡಬಾರದ ಸಾಲೂ ಇದೇ.

ಸಂಜೆ ಕಾಕಾನಿಗೆ ಫೋನ್ ಮಾಡಿದೆ. "ನಮಗ ಹಂಗ ಕಲಿಸಿದ್ರವಾ. ಹಂಗ ಬರದ್ರ ಮಾರ್ಕ್ಸ್ ಕೊಡೂದಿಲ್ಲೇನು?" ಅಂತ ಕೇಳಿದರು. ಪದ್ಧತಿ ಯಾವುದು ಅಂತ ಮೇಲೆ ಬರೆದು, ಕೊನೆಯ ತನಕ ಸರಿಯಾಗಿ ಮಾಡಿದರೆ ಕೊಡಬಹುದು. ಆದರೆ ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಮೈನಸ್ ಇರುತ್ತದೆ, ಇವನ ಹಾಳೆಯಲ್ಲಿ ಪ್ಲಸ್. ರಾಶಿ ಪತ್ರಿಕೆಗಳ ನಡುವೆ ಅವರು ನಿಂತು ಇವನ ಪದ್ಧತಿ ಓದಲಿ ಅಂತ ನಂಬಿ ಐದು ಅಂಕ ಪಣಕ್ಕಿಡಲು ನನಗೆ ಮನಸ್ಸಿಲ್ಲ. ಕಾಕಾ ಕೂಡ ಒಪ್ಪಿದರು.

ಕಡೆಗೆ ನಾವು ತೀರ್ಮಾನ ಮಾಡಿದ್ದು ಇದು. ಡೆರಿವೇಶನ್ ಮತ್ತು ಸೂತ್ರ ಕಾಲೇಜಿನ ಪುಸ್ತಕದಿಂದ ಮಾತ್ರ. ಪರೀಕ್ಷೆ ಮುಗಿಯುವ ತನಕ ಕಾಕಾನ ಪುಸ್ತಕದ ಆ ಪುಟಗಳನ್ನು ತೆಗೆಯುವುದೇ ಬೇಡ. ಆದರೆ ಅದರ ಲೆಕ್ಕಗಳನ್ನು ಬಿಡಲು ನನಗೆ ಇಷ್ಟವಿಲ್ಲ. ಅವು ಅಷ್ಟು ಚೆನ್ನಾಗಿವೆ. ಹಾಗಾಗಿ ಪ್ರಶ್ನೆ ಮಾತ್ರ ಓದಿ, ಬಿಡಿಸಿದ ಭಾಗವನ್ನು ಕಾಗದದಿಂದ ಮುಚ್ಚಿ, ಕಾರ್ಟೀಸಿಯನ್‌ನಲ್ಲಿ ಮಾಡಬೇಕು. ಉತ್ತರ ಹೋಲಿಸುವಾಗ ಸಂಖ್ಯೆ ಒಂದೇ ಇದೆಯಾ, ಸತ್ಯವೋ ಮಿಥ್ಯವೋ ಒಂದೇ ಇದೆಯಾ ನೋಡಬೇಕು. ಚಿಹ್ನೆ ಹೋಲಿಸಬಾರದು.

ವರ್ಧನೆಗೆ ಮಾತ್ರ ಒಂದು ಎಚ್ಚರಿಕೆ. ಬೆಳಗಿನ ಲೆಕ್ಕದಲ್ಲಿ `m = v/u = 60/(−30) = −2`. ಆ ಮೈನಸ್ಸೇ ಪ್ರತಿಬಿಂಬ ತಲೆಕೆಳಗಾಗಿದೆ ಅಂತ ಹೇಳುತ್ತದೆ. ಕಾಕಾನ ಪುಸ್ತಕದಲ್ಲಿ ಸುಮ್ನೆ 2 ಅಂತ ಇದೆ, ತಲೆಕೆಳಗು ಅನ್ನುವುದನ್ನು ಮಾತಿನಲ್ಲಿ ಬರೆದಿದ್ದಾರೆ. ದರ್ಪಣಕ್ಕೆ ಬಂದರೆ ಕಾಲೇಜಿನ ಸೂತ್ರ `m = −v/u`. ಇದನ್ನು ಅವನು ಇವತ್ತು ಎರಡು ಸಲ ಮರೆತ.

ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯಲು ಕಾಕಾನ ಅನುಮತಿ ಕೇಳಿದ್ದೆ. ಬರೀರಿ ಅಂದರು. ತಮ್ಮ ಲೆನ್ಸ್ ಪಾಠದ ಮೊದಲ ಪುಟದಲ್ಲಿ "`u` ಮಾತ್ರ ತಿರುಗಿಸು" ಅಂತ, ಮಿರರ್ ಪಾಠದಲ್ಲಿ "ಮೂರೂ ತಿರುಗಿಸು" ಅಂತ ಬರೆದ. ಈಗ ರಾತ್ರಿ ಹತ್ತೂವರೆ. ಹನ್ನೊಂದು ಲೆಕ್ಕಗಳಲ್ಲಿ ಒಂಬತ್ತು ಸರಿ ಬಂದಿವೆ. ಉಳಿದೆರಡೂ ಎರಡು ಲೆನ್ಸ್ ಜೋಡಿಸಿದ ಲೆಕ್ಕಗಳು. ಮೊದಲ ಲೆನ್ಸಿನ ಪ್ರತಿಬಿಂಬ ಎರಡನೆಯದರ ಆಚೆ ಬೀಳುತ್ತದೆ, ಅಲ್ಲಿ `u` ಪ್ಲಸ್ ಆಗಬೇಕು. ಅದನ್ನು ನಾಳೆ ಸಂಜೆ ಚಿತ್ರ ಬರೆದು ತೋರಿಸಬೇಕು.