ಕೆನ್ನೆಯ ಮೇಲೆ ಎದ್ದ ಚೌಕಳಿ

ಗದಗಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಆ ದಿನದ ಕೆಲಸ ಇಷ್ಟೇ: 12×18 ಇಂಚಿನ ಹಾಳೆಯ ಮೇಲೆ ಗಂಗೂಬಾಯಿ ಹಾನಗಲ್ಲರ ಪಾಪ್ ಆರ್ಟ್ ಭಾವಚಿತ್ರ. ಹಿನ್ನೆಲೆಗೆ ಚುಕ್ಕಿಯಿಲ್ಲದ ಗಟ್ಟಿ ಹಳದಿ, ಮುಖದ ಮೈಬಣ್ಣಕ್ಕೆ ಗುಲಾಬಿ ಚುಕ್ಕಿ, ನೆರಳಿಗೆ ಕಪ್ಪು ಚುಕ್ಕಿ. ಮೂರು ಬಣ್ಣ, ಮೂರು ಸ್ಕ್ರೀನ್. ಮಧ್ಯಾಹ್ನದ ಹೊತ್ತಿಗೆ ಮೊದಲ ಪ್ರೂಫ್ ಬಂತು. ನೋಡಿದರೆ ಕೆನ್ನೆಯ ತುಂಬ ಚೌಕಳಿ ಸೀರೆಯ ಹಾಗೆ ಮನೆ ಮನೆ ಎದ್ದಿದೆ. ಒಂದೊಂದು ಮನೆಯೂ ಸುಮಾರು ಎರಡು ಸೆಂಟಿಮೀಟರ್.

“ಶಾಯಿ ಗಟ್ಟಿ ಆಗೇದೇನ್ರಿ?” ಅಂತ ಸ್ಕ್ವೀಜಿ ಹಿಡಿದಿದ್ದ ಹುಡುಗ ಕೇಳಿದ. ಶಾಯಿಯದೇನೂ ತಪ್ಪಿರಲಿಲ್ಲ. ಚುಕ್ಕಿಯ ಗಾತ್ರ ಬೆಳಿಗ್ಗೆಯೇ ಸರಿಯಾಗಿ ಗೊತ್ತಾಗಿತ್ತು, ಚುಕ್ಕಿಯ ಸಾಲುಗಳು ವಾಲುವ ಕೋನ ತಪ್ಪಿತ್ತು.

ಮೊದಲು ಗಾತ್ರದ ಮಾತು. ಚುಕ್ಕಿ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಎರಡು ಕಡೆಯಿಂದ ನೋಡಬೇಕಾಗುತ್ತದೆ. ಒಂದು, ಮುಖದಲ್ಲಿ ಕಣ್ಣು ಉಳಿಯಬೇಕು. ಈ ಹಾಳೆಯಲ್ಲಿ ಮುಖ 7 ಇಂಚು ಅಗಲ. ಕಣ್ಣಿನ ಅಗಲ ಮುಖದ ಐದನೆಯ ಒಂದು ಪಾಲು, ಅಂದರೆ ಸುಮಾರು 1.4 ಇಂಚು. ಇಂಚಿಗೆ 8 ಸಾಲು ಚುಕ್ಕಿ ಇಟ್ಟರೆ ಇಡೀ ಕಣ್ಣಿಗೆ ಸಿಗುವುದು ಹನ್ನೊಂದೇ ಚುಕ್ಕಿ. ಅದರಲ್ಲಿ ಕಣ್ಣುಗುಡ್ಡೆಗೆ ಬರುವುದು ಮೂರೋ ನಾಲ್ಕೋ. ನೋಟ ಎತ್ತ ಇದೆ ಅನ್ನುವುದೇ ತಿಳಿಯುವುದಿಲ್ಲ. 15 ಸಾಲಿಗೆ ಇಪ್ಪತ್ತೊಂದು ಸಿಗುತ್ತವೆ, ಕಣ್ಣು ನಿಲ್ಲುತ್ತದೆ.

ಇನ್ನೊಂದು, ಚುಕ್ಕಿ ಚುಕ್ಕಿಯಾಗಿಯೇ ಕಾಣಬೇಕು. ಪಾಪ್ ಆರ್ಟ್‌ನಲ್ಲಿ ಚುಕ್ಕಿ ಮಾಯವಾದರೆ ಉಳಿಯುವುದು ಬರೀ ಮಸುಕು ಫೋಟೋ. ಸಾಮಾನ್ಯ ಕಣ್ಣಿಗೆ ಎರಡು ಚುಕ್ಕಿ ಬೇರೆ ಬೇರೆಯಾಗಿ ಕಾಣುವ ದೂರಕ್ಕೊಂದು ಸುಲಭದ ಲೆಕ್ಕ ಇದೆ. ಚುಕ್ಕಿಗಳ ಅಂತರವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು 3.4ರಿಂದ ಗುಣಿಸಿದರೆ ಅವು ಒಂದರಲ್ಲೊಂದು ಕರಗುವ ದೂರ ಮೀಟರಿನಲ್ಲಿ ಬರುತ್ತದೆ. ಅಂತರ ಬೇಕಾದರೆ 25.4ನ್ನು ಇಂಚಿನ ಸಾಲಿನಿಂದ ಭಾಗಿಸಿ. 30 ಸಾಲಿಗೆ ಅಂತರ 0.85 ಮಿ.ಮೀ., ಮೂರು ಮೀಟರಿಗೇ ಕರಗಿಹೋಗುತ್ತದೆ. 15 ಸಾಲಿಗೆ 1.69 ಮಿ.ಮೀ., ಸುಮಾರು ಆರು ಮೀಟರ್‌ವರೆಗೆ ಚುಕ್ಕಿ ಕಾಣುತ್ತದೆ. ಚಿತ್ರ ತೂಗುಹಾಕುವ ಪಡಸಾಲೆಯಲ್ಲಿ ನೋಡುವವರು ನಿಲ್ಲುವುದು ಮೂರು ಮೀಟರ್ ಆಚೆ. ಹಾಗಾಗಿ 15 ಅಂತ ತೀರ್ಮಾನವಾಯಿತು.

ದಪ್ಪ ಚುಕ್ಕಿಗೆ ಇನ್ನೊಂದು ಲಾಭ ಇದೆ, ಅದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಚ್ಚಾಗುವಾಗ ಪ್ರತಿ ಚುಕ್ಕಿಯ ಅಂಚೂ ಒಂದಿಷ್ಟು ಹರಡುತ್ತದೆ. ಸುತ್ತಲೂ 0.05 ಮಿ.ಮೀ. ಹರಡಿತು ಅಂದುಕೊಳ್ಳಿ. 15 ಸಾಲಿನಲ್ಲಿ ಜಾಗದ ಶೇಕಡಾ 50ನ್ನು ಮುಚ್ಚುವ ಚುಕ್ಕಿ ಶೇಕಡಾ 58ರಷ್ಟಾಗುತ್ತದೆ. ಅದೇ ಹರಡುವಿಕೆ 45 ಸಾಲಿನಲ್ಲಿ ಅದನ್ನು ಶೇಕಡಾ 75ಕ್ಕೆ ಒಯ್ಯುತ್ತದೆ, ಕೆನ್ನೆ ಕೆಸರಾಗುತ್ತದೆ. ದುಂಡು ಚುಕ್ಕಿಗಳು ಶೇಕಡಾ 78ರ ಹತ್ತಿರ ನಾಲ್ಕೂ ದಿಕ್ಕಿಗೆ ಒಮ್ಮೆಲೇ ಕೂಡಿಕೊಳ್ಳುವುದರಿಂದ ಅಲ್ಲಿ ಬಣ್ಣ ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆ. ಅದಕ್ಕೇ ನೆರಳನ್ನು ಫೈಲಿನಲ್ಲಿ ಶೇಕಡಾ 65ರ ಆಸುಪಾಸಿಗೆ ನಿಲ್ಲಿಸಿ, ಅದಕ್ಕಿಂತ ಕಡುವಾದದ್ದನ್ನೆಲ್ಲ ಗಟ್ಟಿ ಕಪ್ಪು ಮಾಡಿದ್ದಾಯಿತು.

ಮೂಗುಬೊಟ್ಟು, ಕುಂಕುಮದ ಅಂಚು, ತಂಬೂರಿಯ ತಂತಿ ಇವನ್ನು ಮಾತ್ರ ಚುಕ್ಕಿಗೆ ಕೊಡಬಾರದು. ಅಂತರಕ್ಕಿಂತ ಸಣ್ಣದಾದ ಗೆರೆ ಚುಕ್ಕಿಯೊಳಗೆ ಸಿಕ್ಕರೆ ಮಣಿ ಪೋಣಿಸಿದ ಹಾಗೆ ತುಂಡಾಗುತ್ತದೆ. ಅವನ್ನು ಬೇರೆ ಲೇಯರಿನಲ್ಲಿ ಗಟ್ಟಿ ಗೆರೆಯಾಗಿ ಬರೆದು ಕಪ್ಪಿನ ಸ್ಕ್ರೀನಿಗೆ ತೆಗೆಯುವ ಫಿಲ್ಮಿಗೆ ಸೇರಿಸಬೇಕು.

ಇನ್ನು ಕೋನ. ಕಪ್ಪನ್ನು 45 ಡಿಗ್ರಿಗೆ ಇಟ್ಟದ್ದು ಸರಿಯಾಗಿಯೇ ಇತ್ತು. 45ಕ್ಕೆ ತಿರುಗಿದ ಜಾಲ ಸಂದು ಚುಕ್ಕಿ ರಂಗೋಲಿಯ ಹಾಗೆ. ಮೇಲಿನ ಸಾಲಿನ ಎರಡು ಚುಕ್ಕಿಯ ನಡುವೆ ಕೆಳಗಿನದು ಬೀಳುವುದರಿಂದ ಕಣ್ಣಿಗೆ ಅಡ್ಡ ಸಾಲು, ಉದ್ದ ಸಾಲು ಚುಚ್ಚುವುದಿಲ್ಲ. ನೇರ ಚುಕ್ಕಿಯಂತೆ ಸೊನ್ನೆ ಡಿಗ್ರಿಗೆ ಇಟ್ಟರೆ ಮುಖ ಕಿಟಕಿಯ ಜಾಳಿಗೆಯ ಹಿಂದೆ ಕೂತಂತೆ ಕಾಣುತ್ತದೆ. ಗುಲಾಬಿಗೆ ಮಾತ್ರ ಫೈಲು ಮಾಡಿದವರು “ಎರಡೂ ಒಂದೇ ಆಗಬಾರದು” ಅಂತ 50 ಡಿಗ್ರಿ ಕೊಟ್ಟಿದ್ದರು. ಐದು ಡಿಗ್ರಿ ವ್ಯತ್ಯಾಸ ಸಾಕು ಅನ್ನುವ ನಂಬಿಕೆ.

ಎರಡು ಜಾಲ ಒಂದರ ಮೇಲೊಂದು ಬಿದ್ದಾಗ ಕೆಲವೆಡೆ ಚುಕ್ಕಿಯ ಮೇಲೆ ಚುಕ್ಕಿ ಕೂರುತ್ತದೆ, ಕೆಲವೆಡೆ ಸಂದಿಯಲ್ಲಿ ಕೂರುತ್ತದೆ. ಮೊದಲನೆಯ ಕಡೆ ಕಾಗದ ಹೆಚ್ಚು ಕಂಡು ತಿಳಿಯಾಗುತ್ತದೆ, ಎರಡನೆಯ ಕಡೆ ಕಡುವಾಗುತ್ತದೆ. ಈ ಏರಿಳಿತ ಎಷ್ಟು ದೂರಕ್ಕೊಮ್ಮೆ ಬರುತ್ತದೆ ಅನ್ನುವುದು ಕೋನದ ವ್ಯತ್ಯಾಸದ ಕೈಯಲ್ಲಿದೆ:

```
D = p / (2 × sin(θ/2))
```

ಇಲ್ಲಿ p ಚುಕ್ಕಿಯ ಅಂತರ, θ ಎರಡು ಕೋನಗಳ ವ್ಯತ್ಯಾಸ. 1.69 ಮಿ.ಮೀ., 5 ಡಿಗ್ರಿ ಹಾಕಿದರೆ 19.4 ಮಿ.ಮೀ. ಬರುತ್ತದೆ. ಕೆನ್ನೆಯ ಮೇಲೆ ಸ್ಕೇಲ್ ಇಟ್ಟು ಅಳೆದ ಚೌಕಳಿಯ ಮನೆ ಅದೇ.

“ಹಂಗಾದ್ರ ಎರಡನ್ನೂ 45ಕ್ಕ ಇಟ್ಟಬಿಡೂಣಲ್ರಿ” ಅಂದ ಹುಡುಗ. ತರ್ಕ ಸರಿ, ಆದರೆ ಕೈಕೆಲಸದಲ್ಲಿ ನಿಲ್ಲುವುದಿಲ್ಲ. ಫಿಲ್ಮ್ ಅಂಟಿಸುವಾಗ ಅರ್ಧ ಡಿಗ್ರಿ ವಾಲಿದರೂ D 194 ಮಿ.ಮೀ. ಆಗುತ್ತದೆ. ಒಂದು ಕೆನ್ನೆ ತಿಳಿ, ಇನ್ನೊಂದು ಕಡು. ಮೇಲಾಗಿ ಪ್ರತಿ ಹಾಳೆ ಕೂರುವಾಗ ಕೂದಲೆಳೆ ಸರಿದರೂ ಬಣ್ಣ ಬದಲಾಗಿ, ನೂರು ಪ್ರತಿ ನೂರು ತರಹ ಬರುತ್ತವೆ.

30 ಡಿಗ್ರಿ ವ್ಯತ್ಯಾಸಕ್ಕೆ D ಬರೀ 3.3 ಮಿ.ಮೀ., ಚುಕ್ಕಿಗಿಂತ ಎರಡೇ ಪಟ್ಟು. ಅದು ಕಲೆಯಾಗಿ ಕಾಣದೆ ಚುಕ್ಕಿಗಳದ್ದೇ ಸಣ್ಣ ಹೂವಾಗಿ ಕಾಣುತ್ತದೆ. ಕೈ ತಪ್ಪಿ 28 ಆದರೆ 3.5, 32 ಆದರೆ 3.1. ಕೈಯ ತಪ್ಪನ್ನು ನುಂಗಿಕೊಳ್ಳುವುದೇ ಈ ಕೋನದ ಗುಣ. ಆಫ್‌ಸೆಟ್‌ನಲ್ಲಿ ಕಪ್ಪು 45, ಮೆಜೆಂಟಾ 75, ಸಯಾನ್ 15 ಅಂತ ಇಡುವುದೂ ಇದಕ್ಕೇ. ಗುಲಾಬಿಯನ್ನು 75ಕ್ಕೆ ತಿರುಗಿಸಿ ಹೊಸ ಫಿಲ್ಮ್ ತೆಗೆಯುವುದಾಯಿತು.

ಸ್ಕ್ರೀನ್ ಪ್ರಿಂಟಿಂಗ್‌ಗೆ 22.5 ಡಿಗ್ರಿಯೇ ಬೇಕು ಅನ್ನುವವರೂ ಇದ್ದಾರೆ. ಅದು ಸ್ಕ್ರೀನಿನ ಬಟ್ಟೆಯಾದ ಮೆಶ್‌ನ ದಾರದ ಜೊತೆ ಚುಕ್ಕಿ ತಿಕ್ಕಾಡುವ ರೋಗಕ್ಕೆ ಮದ್ದು. ಇಂಚಿನ ದಾರ ಚುಕ್ಕಿ ಸಾಲಿನ ನಾಲ್ಕೈದು ಪಟ್ಟಿಗಿಂತ ಕಡಿಮೆಯಾದಾಗ ಆ ರೋಗ ಬರುತ್ತದೆ. ಇಲ್ಲಿನ ಮೆಶ್ 120ಟಿ, ಇಂಚಿಗೆ ಸುಮಾರು 305 ದಾರ. 15ಕ್ಕೆ ಇಪ್ಪತ್ತು ಪಟ್ಟು ಆಯಿತು, ರೋಗವೇ ಇಲ್ಲ.

ಹೊಸ ಫಿಲ್ಮಿಗೆ ಫೋಟೋಶಾಪ್‌ನಲ್ಲಿ ಚಿತ್ರವನ್ನು ಮೊದಲು ಅಚ್ಚಿನ ಅಳತೆಗೇ ತಂದು, ಗ್ರೇಸ್ಕೇಲ್ ಮಾಡಿ, `Image > Mode > Bitmap`ನಲ್ಲಿ 600 ಪಿಪಿಐ, `Halftone Screen` ಆರಿಸಿ ಇಂಚಿಗೆ 15 ಸಾಲು, ಕೋನ 75, `Round` ಕೊಟ್ಟರೆ ಮುಗಿಯಿತು. ಆಮೇಲೆ ಅಳತೆ ಬದಲಿಸುವಂತಿಲ್ಲ. ಫೈಲನ್ನು ಟಿಫ್ ಆಗಿಯೇ ಒಯ್ಯಬೇಕು. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಚುಕ್ಕಿಯ ಅಂಚು ಬೂದಾಗಿ, ಆ ಬೂದಿಗೆ ಲೇಸರ್ ಪ್ರಿಂಟರ್ ತನ್ನದೇ ಸಣ್ಣ ಚುಕ್ಕಿ ಹಾಕುತ್ತದೆ. ಪ್ರಿಂಟರಿನಲ್ಲಿ `Fit to page` ತೆಗೆದು ನೂರಕ್ಕೆ ನೂರು ಅಳತೆ. ಫಿಲ್ಮಾಗಿ ಬಳಸುವ ಟ್ರೇಸಿಂಗ್ ಪೇಪರ್ ಬಿಸಿಗೆ ಕುಗ್ಗುವುದರಿಂದ ಅದನ್ನು ಒಮ್ಮೆ ಖಾಲಿಯಾಗಿಯೇ ಪ್ರಿಂಟರಿನೊಳಗೆ ಹಾಯಿಸಿ, ಆಮೇಲೆ ಫಿಲ್ಮ್ ತೆಗೆಯಬೇಕು.

ಸಂಜೆ ಐದಕ್ಕೆ ಎರಡನೆಯ ಪ್ರೂಫ್ ಬಂತು. ಚೌಕಳಿ ಇರಲಿಲ್ಲ. ಗುಲಾಬಿ ಹಣೆಯ ಮೇಲೆ ಒಂದಿಷ್ಟು ಹೆಚ್ಚೇ ಹರಡಿತ್ತು. ಸ್ಕ್ರೀನಿಗೂ ಹಾಳೆಗೂ ನಡುವಿನ ಸಂದಿಯನ್ನು 3 ಮಿ.ಮೀ.ಗೆ ಏರಿಸಿ, ಸ್ಕ್ವೀಜಿಯ ಒತ್ತಡ ಇಳಿಸಿದ ಮೇಲೆ ಅದೂ ಕೂತಿತು.